ಹಾವು ಕಡಮೆ, ಹಗ್ಗ ಹೆಚ್ಚು

೧೯೮೮ನೆಯ ಇಸವಿ ಜನವರಿ ಒಂದನೆಯ ತಾರೀಖಿನಿಂದ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂದಿತು. ಮದುವೆಯಾಗಬಯಸುವ ಹೆಣ್ಣುಗಂಡುಗಳಿಬ್ಬರೂ ಮೊದಲು ತಮ್ಮ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಏಡ್ಸ್ ರೋಗಕ್ಕೆ ಕಾರಣವಾದ ಎಚ್.ಐ.ವಿ. ಎಂಬ ವೈರಸ್ ಅದರಲ್ಲಿದೆಯೇ ಇಲ್ಲವೇ ಎಂಬುದನ್ನು ತಿಳಿದ ಮೇಲೆಯೇ ಮದುವೆಯ ಅನುಮತಿಪತ್ರ ಎಂಬುದು ಅದರ ಸಾರಾಂಶ. ಆ ದಿನಗಳಲ್ಲಿ ಏಡ್ಸ್ ಎಂದರೆ ಮರಣವೆಂದೇ ಅರ್ಥ. ಅದಕ್ಕೆಂದು ಒಪ್ಪಿಗೆ ಪಡೆದ ಮೊದಲನೆಯ ಔಷಧ ಹೊರಬಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಹೀಗಿರುವಾಗ, ಹೊಸದಾಗಿ ಸಂಸಾರ ಹೂಡುವವರು ಒಬ್ಬರಿಂದೊಬ್ಬರಿಗೆ, ತಾಯಿಯಿಂದ ಮಗುವಿಗೆ ಈ ಮಹಾಮಾರಿಯನ್ನು ದಾಟಿಸದಿರಲಿ ಎಂದು ಶಾಸನಸಭೆಯ ಸದಸ್ಯರು ಯೋಚಿಸಿದುದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಮದುವೆಗೆ ಮುಂಚೆ ರಕ್ತಪರೀಕ್ಷೆ ಮಾಡಿಸುವ ಪದ್ಧತಿಯೂ ಆ ದೇಶಕ್ಕೆ ಹೊಸದಲ್ಲ. ಸಿಫಿಲಿಸ್ ರೋಗಕ್ಕಾಗಿ ೧೯೩೫ರಷ್ಟು ಹಿಂದೆಯೇ ಕನೆಕ್ಟಿಕಟ್ ರಾಜ್ಯ ಇಂಥ ಶಾಸನವನ್ನು ಮಾಡಿತ್ತು. ಬೇರೆ ಅನೇಕ ರಾಜ್ಯಗಳು ಅದನ್ನು ಅನುಸರಿಸಿದ್ದುವು.

ಕಾನೂನು ಬಂದ ಮೊದಲ ಆರು ತಿಂಗಳುಗಳ ಲೆಕ್ಕ ವೈದ್ಯ ಪತ್ರಿಕೆಯೊಂದರಲ್ಲಿ ೧೯೮೯ರಲ್ಲಿ ಪ್ರಕಟವಾಯಿತು. ೭೦,೮೪೬ ಮಂದಿ ಅರ್ಜಿದಾರರ ರಕ್ತಪರೀಕ್ಷೆ ನಡೆದು, ಅವರಲ್ಲಿ ಸೋಂಕು ಇದ್ದವರೆಂದು ಗೊತ್ತಾದವರು ಎಂಟು ಮಂದಿ. ಇದಕ್ಕಾಗಿ ತಗುಲಿದ ವೆಚ್ಚ ಅಂದಾಜು ಇಪ್ಪತ್ತೈದು ಲಕ್ಷ ಡಾಲರು. ಎಂದರೆ ಒಬ್ಬೊಬ್ಬ ರೋಗಿಯನ್ನು ಹುಡುಕಿ ತೆಗೆಯಲು ಮೂರು ಲಕ್ಷ ಡಾಲರಿಗೂ ಮೇಲ್ಪಟ್ಟ ಖರ್ಚು. ಅದೇ ಆರು ತಿಂಗಳುಗಳಲ್ಲಿ ಇಲಿನಾಯ್ ರಾಜ್ಯದ ಮದುವೆಯ ಅನುಮತಿಪತ್ರಗಳ ಸಂಖ್ಯೆ ನೂರಕ್ಕೆ ಇಪ್ಪತ್ತೆರಡೂವರೆಯಷ್ಟು ಇಳಿದುಹೋಯಿತು. ವಧೂವರರು ಮದುವೆಯನ್ನು ಬಿಟ್ಟುಬಿಟ್ಟರೆಂದಲ್ಲ. ಅನೇಕರು ಗಡಿಯನ್ನು ದಾಟಿ, ಇಂಥ ಕಾನೂನಿಲ್ಲದ ನೆರೆಯ ರಾಜ್ಯಗಳಿಗೆ ಹೋಗಿ ಮದುವೆಯಾಗಿ ಹಿಂದಿರುಗಿದರು.

ಹಣದ ಮಾತು ಹಾಗಿರಲಿ. ಒಬ್ಬ ಮನುಷ್ಯನ ಜೀವವನ್ನು ಡಾಲರಿನಲ್ಲಿ ಅಳೆಯಬಹುದೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಆದರೆ ಈ ಲೆಕ್ಕದೊಳಗೆ ಹಣಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಅಡಗಿದೆ. ಎಪ್ಪತ್ತು ಸಾವಿರ ಜನರಲ್ಲಿ ಎಂಟೇ ಜನಕ್ಕೆ ಇರುವ ರೋಗವನ್ನು ಒಂದು ಪರೀಕ್ಷೆ ಹುಡುಕಹೊರಟಾಗ, ಆ ಪರೀಕ್ಷೆ ಎಷ್ಟೇ ಚೊಕ್ಕಟವಾದುದಾಗಿರಲಿ, ಅದು ಮೊದಲು ‘ಇದೆ’ ಎಂದು ಬೆರಳು ತೋರಿಸಿದವರಲ್ಲಿ ಬಹುಮಂದಿ ನಿರೋಗಿಗಳೇ ಆಗಿರುತ್ತಾರೆ. ಕೇಳಿದೊಡನೆ ಇದು ಒಗಟಿನಂತೆ ತೋರುತ್ತದೆ. ಎಣಿಸಿ ನೋಡಿದರೆ ಒಗಟೇನೂ ಇಲ್ಲ.

ಮೊದಲು ಆ ಪರೀಕ್ಷೆಯ ರೀತಿಯನ್ನು ತಿಳಿಯಬೇಕು. ಎಲೈಜಾ ಎಂಬುದು ಅದರ ಹೆಸರು. ವೈರಸ್ ಶರೀರದೊಳಗೆ ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುತ್ತವೆ. ಅಂದಿನ ಎಲೈಜಾ ಹುಡುಕುತ್ತಿದ್ದುದು ವೈರಸನ್ನಲ್ಲ, ಅದರ ವೈರಿಗಳಾದ ಈ ಪ್ರತಿಕಾಯಗಳನ್ನು. ಸಣ್ಣ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಪ್ರತಿಯೊಂದು ಗುಳಿಯ ಒಳಮೈಗೂ ವೈರಸ್ಸಿನ ಅಂಶಗಳನ್ನು ಸವರಿರುತ್ತಾರೆ. ಅದರಲ್ಲಿ ರಕ್ತದ ತಿಳಿಯನ್ನು ಹಾಕಿದರೆ, ಪ್ರತಿಕಾಯಗಳು ಇದ್ದ ಪಕ್ಷದಲ್ಲಿ ಅವು ಹೋಗಿ ಆ ಅಂಶಗಳಿಗೆ ಕಚ್ಚಿಕೊಳ್ಳುತ್ತವೆ. ಉಳಿದುದನ್ನು ತೊಳೆದುಹಾಕಿ, ಕಚ್ಚಿಕೊಂಡವುಗಳನ್ನು ಗುರುತಿಸಿ ಬಣ್ಣ ಬರಿಸುವ ದ್ರವಗಳನ್ನು ಒಂದಾದ ಮೇಲೊಂದರಂತೆ ಹಾಕುತ್ತಾರೆ. ಬಣ್ಣ ಎಷ್ಟು ಗಾಢವಾಯಿತೆಂಬುದನ್ನು ಯಂತ್ರ ಅಳೆಯುತ್ತದೆ. ಒಂದು ಗೊತ್ತಾದ ಮಿತಿಯನ್ನು ಮೀರಿದರೆ ‘ಪಾಸಿಟಿವ್’, ಮೀರದಿದ್ದರೆ ‘ನೆಗೆಟಿವ್’.

ಇಲ್ಲಿ ಗಮನಿಸತಕ್ಕ ಮಾತೆಂದರೆ, ರಕ್ತವು ತಾನಾಗಿ ‘ಹೌದು’ ಅಥವಾ ‘ಅಲ್ಲ’ ಎಂದು ನುಡಿಯುವುದಿಲ್ಲ. ಬಣ್ಣ ಮಾತ್ರ ಕೊಡುತ್ತದೆ. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ನಿರ್ಣಯಿಸುವವರು ಮನುಷ್ಯರು. ಹಲವು ಬಾರಿ ಗರ್ಭ ಧರಿಸಿದವರ, ಹಿಂದೆ ಬೇರೆಯವರ ರಕ್ತ ಪಡೆದವರ, ಕೆಲವು ಬೇರೆ ಕಾಯಿಲೆಗಳು ಇರುವವರ ರಕ್ತದಲ್ಲಿ ಇನ್ನಾವುದೋ ಪ್ರತಿಕಾಯ ಹುಟ್ಟಿ, ಅದೂ ಹೋಗಿ ಆ ಗುಳಿಗೆ ಅಂಟಿಕೊಂಡು ಬಣ್ಣವನ್ನು ತರಿಸುವುದುಂಟು. ಗೆರೆಯನ್ನು ಮೇಲಕ್ಕೆ ಸರಿಸಿದರೆ ಇಂಥ ಸುಳ್ಳು ಎಚ್ಚರಿಕೆಗಳು ಕಡಮೆಯಾಗುತ್ತವೆ. ಆದರೆ ನಿಜವಾದ ಕೆಲವು ರೋಗಿಗಳು ಜಾರಿಹೋಗುತ್ತಾರೆ. ಕೆಳಕ್ಕೆ ಸರಿಸಿದರೆ ರೋಗಿಗಳಾರೂ ಜಾರುವುದಿಲ್ಲ. ಆದರೆ ನಿರೋಗಿಗಳು ಬಲೆಗೆ ಬೀಳುತ್ತಾರೆ. ಎರಡು ತಪ್ಪುಗಳೂ ಏಕಕಾಲಕ್ಕೆ ಸೊನ್ನೆಯಾಗುವಂಥ ಗೆರೆ ಸಿಕ್ಕುವುದು ದುರ್ಲಭ.

ಎಲೈಜಾ ಪರೀಕ್ಷೆ ೧೯೮೫ರಲ್ಲಿ ಬಳಕೆಗೆ ಬಂದುದು ರಕ್ತನಿಧಿಗಳ ಸಲುವಾಗಿ. ದಾನಿಗಳು ಕೊಟ್ಟ ರಕ್ತದ ಒಂದು ಬಾಟಲಿಯಲ್ಲಿ ವಿಷವಿದ್ದರೆ ಅದನ್ನು ಪಡೆದ ರೋಗಿಯ ಗತಿ ಮುಗಿದಂತೆಯೇ. ಆದ್ದರಿಂದ ಗೆರೆಯನ್ನು ಉದ್ದೇಶಪೂರ್ವಕವಾಗಿಯೇ ಕೆಳಗೆ ಎಳೆಯಲಾಯಿತು. ಅನುಮಾನ ಬಂದರೆ ಬಾಟಲಿಯನ್ನು ಚೆಲ್ಲಿಬಿಡುವುದು. ಒಳ್ಳೆಯ ರಕ್ತವೇ ಚೆಲ್ಲಿಹೋದರೂ ನಷ್ಟ ಒಂದು ಬಾಟಲಿ ಮಾತ್ರ. ಬಾಟಲಿಗೆ ಮನಸ್ಸಿಲ್ಲ, ಮರ್ಯಾದೆಯಿಲ್ಲ, ನಿಶ್ಚಿತಾರ್ಥವಾದ ಹುಡುಗಿಯಿಲ್ಲ. ಅದೇ ಗೆರೆಯನ್ನು ಮದುವೆಯ ಚಪ್ಪರದ ಬಾಗಿಲಿಗೆ ತಂದು ನಿಲ್ಲಿಸಿದಾಗ ತಪ್ಪಿನ ಬೆಲೆಯೇ ಬೇರೆಯಾಗಿಬಿಟ್ಟಿತು.

ಈಗ ಎಣಿಕೆ. ಪರೀಕ್ಷೆ ಬಹಳ ಒಳ್ಳೆಯದೆಂದೇ ಇಟ್ಟುಕೊಳ್ಳಬಹುದು: ಸೋಂಕು ಇರುವ ಒಬ್ಬನನ್ನೂ ಬಿಡದೆ ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಸಾವಿರಕ್ಕೆ ಇಬ್ಬರನ್ನು ಮಾತ್ರ ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಇದು ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಪ್ರಮಾಣವೇ ಹೊರತು ಇಲಿನಾಯ್ ರಾಜ್ಯದ ಪ್ರಯೋಗಶಾಲೆಗಳ ವರದಿಯಲ್ಲ. ಸಾವಿರದಲ್ಲಿ ೯೯೮ ನಿರೋಗಿಗಳಿಗೆ ಸರಿಯಾದ ಉತ್ತರ ಕೊಡುವ ಪರೀಕ್ಷೆಯನ್ನು ಯಾರು ತಾನೆ ಹಳಿದಾರು?

ಆ ೭೦,೮೪೬ ಮಂದಿಯಲ್ಲಿ ಸೋಂಕು ಇದ್ದವರು ಎಂಟು ಜನ. ಪರೀಕ್ಷೆ ಆ ಎಂಟು ಜನರನ್ನೂ ಹಿಡಿಯಿತು. ಉಳಿದವರು ೭೦,೮೩೮ ಮಂದಿ ನಿರೋಗಿಗಳು. ಸಾವಿರಕ್ಕೆ ಇಬ್ಬರಂತೆ ಇವರಲ್ಲಿ ತಪ್ಪಾಗಿ ಸಿಕ್ಕಿಬಿದ್ದವರು ಸುಮಾರು ೧೪೨ ಮಂದಿ. ಒಟ್ಟು ‘ಪಾಸಿಟಿವ್’ ಚೀಟಿ ಪಡೆದವರು ೧೫೦. ಈ ನೂರೈವತ್ತು ಜನರಲ್ಲಿ ನಿಜವಾಗಿ ಸೋಂಕು ಇರುವವರು ಎಂಟೇ ಜನ. ಎಂದರೆ ಹತ್ತೊಂಬತ್ತು ಜನಕ್ಕೆ ಒಬ್ಬರು. ಉಳಿದ ಹದಿನೆಂಟು ಜನರಿಗೆ ಬಂದುದು ಸುಳ್ಳು ಎಚ್ಚರಿಕೆ.

ಪರೀಕ್ಷೆ ಕೆಟ್ಟಿತೇ? ಇಲ್ಲ. ಅದೇ ತಟ್ಟೆ, ಅದೇ ದ್ರವ, ಅದೇ ಗೆರೆಯನ್ನು ಇನ್ನೊಂದು ಕಡೆಗೆ ಕೊಂಡೊಯ್ಯಬಹುದು. ಸೋಂಕು ತಗುಲಿರುವ ಸಂಭವ ಹೆಚ್ಚಾಗಿರುವವರೇ ಬರುವ ಒಂದು ಚಿಕಿತ್ಸಾಲಯ. ಅಲ್ಲಿ ಬಂದ ಸಾವಿರ ಜನರಲ್ಲಿ ನೂರು ಜನಕ್ಕೆ ಸೋಂಕು ಉಂಟು. ಪರೀಕ್ಷೆ ಆ ನೂರು ಜನರನ್ನೂ ಹಿಡಿಯುತ್ತದೆ. ಉಳಿದ ಒಂಬೈನೂರರಲ್ಲಿ ಸಾವಿರಕ್ಕೆ ಇಬ್ಬರಂತೆ ಹೆಚ್ಚೆಂದರೆ ಇಬ್ಬರು ತಪ್ಪಾಗಿ ಸಿಕ್ಕುತ್ತಾರೆ. ‘ಪಾಸಿಟಿವ್’ ಎನಿಸಿಕೊಂಡ ೧೦೨ ಜನರಲ್ಲಿ ನೂರು ಜನ ನಿಜವಾದ ರೋಗಿಗಳು. ಒಂದು ಕಡೆ ಹತ್ತೊಂಬತ್ತಕ್ಕೆ ಒಂದು ಸತ್ಯವಾಗಿದ್ದ ಮಾತು ಇನ್ನೊಂದು ಕಡೆ ಹೆಚ್ಚು ಕಡಮೆ ಪೂರ್ಣಸತ್ಯವಾಯಿತು. ಬದಲಾದುದು ಪರೀಕ್ಷೆಯಲ್ಲ, ಪರೀಕ್ಷೆಗೆ ಒಳಗಾದ ಜನ.

ನಮ್ಮ ವೇದಾಂತಿಗಳು ಹೇಳುವ ರಜ್ಜುಸರ್ಪದ ದೃಷ್ಟಾಂತ ಎಲ್ಲರಿಗೂ ತಿಳಿದದ್ದೇ. ಮಬ್ಬುಗತ್ತಲೆಯಲ್ಲಿ ಬಿದ್ದ ಹಗ್ಗ ಹಾವಾಗಿ ಕಾಣುತ್ತದೆ. ಆ ದೃಷ್ಟಾಂತಕ್ಕೆ ಒಂದು ಲೆಕ್ಕವನ್ನು ಸೇರಿಸಿದರೆ ಇಲ್ಲಿಗೂ ಒಪ್ಪುತ್ತದೆ. ಹಾವುಗಳೇ ಅಪರೂಪವಾದ, ಆದರೆ ಮನೆಮನೆಯಲ್ಲೂ ಹಗ್ಗಗಳು ಬಿದ್ದಿರುವ ಊರಿನಲ್ಲಿ, ಸಾವಿರ ಹಗ್ಗಗಳಲ್ಲಿ ಎರಡನ್ನು ಮಾತ್ರ ಹಾವೆಂದು ಭ್ರಮಿಸುವಷ್ಟು ಚುರುಕಾದ ಕಣ್ಣು ಉಳ್ಳವನೂ ‘ಹಾವು, ಹಾವು’ ಎಂದು ಕೂಗಿದ ಸಂದರ್ಭಗಳಲ್ಲಿ ಬಹುಪಾಲು ಹಗ್ಗಗಳೇ ಆಗಿರುತ್ತವೆ. ಅದೇ ಮನುಷ್ಯ ಹುತ್ತಗಳಿರುವ ಕಾಡಿನಲ್ಲಿ ಕೂಗಿದರೆ ಓಡಿಹೋಗುವುದೇ ಲೇಸು. ಕಣ್ಣಿನ ದೋಷವಲ್ಲ ಇದು. ಹಗ್ಗಗಳ ಸಂಖ್ಯೆಯ ಮಹಿಮೆ.

ಹಾಗಾದರೆ ವಿದ್ಯಾವಂತರೂ ಇಲ್ಲಿ ಎಡವುವುದೇಕೆ? ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿಯುವುದರಿಂದ. ‘ರೋಗ ಇರುವವರಲ್ಲಿ ಎಷ್ಟು ಜನಕ್ಕೆ ಪರೀಕ್ಷೆ ಪಾಸಿಟಿವ್ ಬರುತ್ತದೆ?’ ಎಂಬುದು ಒಂದು ಪ್ರಶ್ನೆ. ‘ಪಾಸಿಟಿವ್ ಬಂದವರಲ್ಲಿ ಎಷ್ಟು ಜನಕ್ಕೆ ರೋಗ ಇದೆ?’ ಎಂಬುದು ಇನ್ನೊಂದು. ಪರೀಕ್ಷೆಯನ್ನು ತಯಾರಿಸಿದವರು ಉತ್ತರಿಸುವುದು ಮೊದಲನೆಯದಕ್ಕೆ. ಚೀಟಿಯನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಬೇಕಾದುದು ಎರಡನೆಯದರ ಉತ್ತರ. ಮೈಸೂರಿನವರೆಲ್ಲ ಕನ್ನಡ ಬಲ್ಲರು ಎಂದಮಾತ್ರಕ್ಕೆ ಕನ್ನಡ ಬಲ್ಲವರೆಲ್ಲ ಮೈಸೂರಿನವರಾಗುವುದಿಲ್ಲವಷ್ಟೆ.

ಈ ಭ್ರಾಂತಿ ವೈದ್ಯರನ್ನೂ ಬಿಟ್ಟಿಲ್ಲವೆಂಬುದಕ್ಕೆ ೧೯೭೮ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಪ್ರಸಿದ್ಧವಾಗಿದೆ. ಕ್ಯಾಸೆಲ್ಸ್ ಎಂಬವರೂ ಅವರ ಇಬ್ಬರು ಜೊತೆಗಾರರೂ ಹಾರ್ವರ್ಡ್ ವೈದ್ಯಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ ಅರುವತ್ತು ಮಂದಿಯನ್ನು, ವಿದ್ಯಾರ್ಥಿಗಳನ್ನೂ ವೈದ್ಯರನ್ನೂ, ಒಂದು ಪ್ರಶ್ನೆ ಕೇಳಿದರು: ಸಾವಿರಕ್ಕೆ ಒಬ್ಬರಿಗೆ ಬರುವ ರೋಗ, ನಿರೋಗಿಗಳಲ್ಲಿ ನೂರಕ್ಕೆ ಐವರಿಗೆ ತಪ್ಪಾಗಿ ಪಾಸಿಟಿವ್ ತೋರಿಸುವ ಪರೀಕ್ಷೆ, ರೋಗಲಕ್ಷಣಗಳ ವಿಚಾರ ಏನೂ ತಿಳಿಯದ ಒಬ್ಬನಿಗೆ ಪಾಸಿಟಿವ್ ಬಂದರೆ ಅವನಿಗೆ ರೋಗ ಇರುವ ಸಂಭವ ಎಷ್ಟು? ಅರ್ಧಕ್ಕೆ ಸಮೀಪವಾದಷ್ಟು ಮಂದಿ ‘ನೂರಕ್ಕೆ ತೊಂಬತ್ತೈದು’ ಎಂದರು. ಸರಿಯಾದ ಉತ್ತರ ಹೇಳಿದವರು ಹನ್ನೊಂದೇ ಮಂದಿ. ಸಾವಿರ ಜನರನ್ನು ಕಣ್ಣಮುಂದೆ ನಿಲ್ಲಿಸಿಕೊಂಡು ಎಣಿಸಿದ್ದರೆ ಸಾಕಾಗಿತ್ತು: ರೋಗಿ ಒಬ್ಬ, ತಪ್ಪಾಗಿ ಸಿಕ್ಕಿದವರು ಸುಮಾರು ಐವತ್ತು, ಐವತ್ತೊಂದರಲ್ಲಿ ಒಂದು, ಎಂದರೆ ನೂರಕ್ಕೆ ಎರಡು. ಶೇಕಡಾ ಲೆಕ್ಕ ಮನಸ್ಸನ್ನು ಮಂಕುಗೊಳಿಸಿದಲ್ಲಿ ತಲೆಯೆಣಿಕೆ ಅದನ್ನು ತಿಳಿಗೊಳಿಸುತ್ತದೆ.

ಈ ಕಷ್ಟಕ್ಕೆ ಪರಿಹಾರವಿಲ್ಲದೆ ಇಲ್ಲ. ಅಕ್ಕಿಯನ್ನು ಹಸನುಮಾಡುವ ಗೃಹಿಣಿ ಮೊದಲು ಮೊರದಲ್ಲಿ ಕೇರುತ್ತಾಳೆ; ಆಮೇಲೆ ಉಳಿದುದನ್ನು ತಟ್ಟೆಯಲ್ಲಿ ಹರಡಿ ಕಲ್ಲನ್ನು ಕೈಯಿಂದ ಆರಿಸುತ್ತಾಳೆ. ಮೊದಲನೆಯ ಕೆಲಸ ಶೀಘ್ರವಾದುದು, ಎರಡನೆಯದು ನಿಧಾನವಾದುದು. ರಕ್ತಪರೀಕ್ಷೆಯಲ್ಲಿಯೂ ಹಾಗೆಯೇ. ಎಲೈಜಾದಲ್ಲಿ ಪಾಸಿಟಿವ್ ಬಂದ ರಕ್ತವನ್ನು ವೆಸ್ಟರ್ನ್ ಬ್ಲಾಟ್ ಎಂಬ ಬೇರೊಂದು ಪರೀಕ್ಷೆಗೆ ಒಳಪಡಿಸುವುದು ಆಗಿನ ಪದ್ಧತಿಯಾಗಿತ್ತು. ಇದರಲ್ಲಿ ವೈರಸ್ಸಿನ ಪ್ರೋಟೀನುಗಳನ್ನು ಅವುಗಳ ಗಾತ್ರಕ್ಕೆ ತಕ್ಕಂತೆ ಬೇರೆಬೇರೆಯಾಗಿ ಒಂದು ಪಟ್ಟಿಯ ಮೇಲೆ ಕೂರಿಸಿರುತ್ತಾರೆ. ರಕ್ತದ ಪ್ರತಿಕಾಯಗಳು ಯಾವ ಯಾವ ಪ್ರೋಟೀನಿಗೆ ಅಂಟಿದುವೋ ಅಲ್ಲಲ್ಲಿ ಗೆರೆಗಳು ಮೂಡುತ್ತವೆ. ಗೊತ್ತಾದ ಕೆಲವು ಗೆರೆಗಳು ಒಟ್ಟಿಗೆ ಮೂಡಿದರೆ ಮಾತ್ರ ಸೋಂಕು ಉಂಟೆಂದು ತೀರ್ಮಾನ. ಆ ಎಂಟು ಜನರ ಜೊತೆಗೆ ಮೊದಲ ಪರೀಕ್ಷೆಯಲ್ಲಿ ಸಿಕ್ಕಿದ್ದ ೧೪೨ ನಿರೋಗಿಗಳು ಈ ಎರಡನೆಯ ಬಾಗಿಲಿನಲ್ಲಿ ನೂರಕ್ಕೆ ಒಬ್ಬರಂತೆ ಮಾತ್ರ ತಪ್ಪಾಗಿ ನಿಂತರೆಂದು ಎಣಿಸಿದರೆ, ಕೊನೆಗೆ ಉಳಿಯುವ ಸುಳ್ಳು ಎಚ್ಚರಿಕೆ ಒಂದೋ ಎರಡೋ.

ಎರಡನೆಯ ಪರೀಕ್ಷೆಗೆ ಇಷ್ಟು ಬಲ ಬಂದುದು ಎಲ್ಲಿಂದ? ಅದು ಎಲೈಜಾಗಿಂತ ಸೂಕ್ಷ್ಮ ಎಂಬುದು ಅರ್ಧ ಕಾರಣ ಮಾತ್ರ. ಅದು ಎದುರಿಸುವುದು ಎಪ್ಪತ್ತು ಸಾವಿರ ಜನರನ್ನಲ್ಲ, ನೂರೈವತ್ತು ಜನರನ್ನು ಎಂಬುದೇ ಇನ್ನರ್ಧ ಕಾರಣ. ಹಗ್ಗದ ರಾಶಿಯನ್ನು ಮೊದಲ ಪರೀಕ್ಷೆ ಆಗಲೇ ದೂರಸರಿಸಿಬಿಟ್ಟಿದೆ. ಆದರೆ ಇಲ್ಲೊಂದು ಎಚ್ಚರ ಅಗತ್ಯ. ಎರಡನೆಯ ಪರೀಕ್ಷೆ ಮೊದಲಿನದಕ್ಕಿಂತ ಬೇರೆ ತತ್ತ್ವದ ಮೇಲೆ ನಿಂತಿರಬೇಕು. ಒಬ್ಬ ಹೆಂಗಸಿನ ರಕ್ತದಲ್ಲಿರುವ ಯಾವುದೋ ಪ್ರತಿಕಾಯ ಎಲೈಜಾದ ಗುಳಿಗೆ ಅಂಟಿ ಬಣ್ಣ ತರಿಸಿದ್ದರೆ, ನಾಳೆ ಅದೇ ಎಲೈಜಾವನ್ನು ಮತ್ತೆ ಮಾಡಿದರೂ ಅದು ಅಂಟಿಯೇ ಅಂಟುತ್ತದೆ. ಚೀಟಿ ಅದಲು ಬದಲಾದಂಥ, ತಟ್ಟೆ ಸರಿಯಾಗಿ ತೊಳೆಯದಂಥ ಕೈತಪ್ಪುಗಳು ಮರುಪರೀಕ್ಷೆಯಿಂದ ಹೊರಬೀಳುತ್ತವೆ. ರಕ್ತದಲ್ಲೇ ಇರುವ ಕಾರಣ ಹೊರಬೀಳುವುದಿಲ್ಲ. ಒಬ್ಬನೇ ಸಾಕ್ಷಿಯನ್ನು ಹತ್ತು ಸಲ ಕೇಳಿದಮಾತ್ರಕ್ಕೆ ಹತ್ತು ಜನ ಸಾಕ್ಷಿ ಹೇಳಿದಂತಾಗದು. ವೆಸ್ಟರ್ನ್ ಬ್ಲಾಟಿನಲ್ಲಿಯೂ ತೊಡಕಿಲ್ಲದೆ ಇರಲಿಲ್ಲ: ಬೇಕಾದಷ್ಟು ಗೆರೆಗಳು ಮೂಡದೆ, ಏನೂ ಮೂಡದೆಯೂ ಇರದೆ, ‘ನಿರ್ಧರಿಸಲಾಗದು’ ಎಂಬ ಉತ್ತರ ಬರುವುದಿತ್ತು. ಅಂಥವರು ತಿಂಗಳುಗಟ್ಟಲೆ ಕಾದು ಮತ್ತೆ ರಕ್ತ ಕೊಡಬೇಕಾಗುತ್ತಿತ್ತು. ಲಗ್ನಪತ್ರಿಕೆ ಹಂಚಿಯಾದ ಮನೆಯಲ್ಲಿ ಆ ತಿಂಗಳುಗಳು ಹೇಗೆ ಕಳೆಯುತ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ರೋಗ ಅಪರೂಪವಾದಲ್ಲಿ ‘ನೆಗೆಟಿವ್’ ಎಂಬ ಚೀಟಿ ಬಹುಮಟ್ಟಿಗೆ ನಂಬತಕ್ಕದ್ದು. ಏಕೆಂದರೆ ಪರೀಕ್ಷೆಗೆ ಮುಂಚೆಯೇ ಆ ಮನುಷ್ಯ ನಿರೋಗಿಯಾಗಿರುವ ಸಂಭವ ಬಹಳ ಹೆಚ್ಚಾಗಿತ್ತು. ಆದರೂ ಸೋಂಕು ಹೊಕ್ಕ ಮೊದಲ ಕೆಲವು ವಾರಗಳಲ್ಲಿ ಪ್ರತಿಕಾಯಗಳು ಹುಟ್ಟಿರುವುದಿಲ್ಲವಾದ್ದರಿಂದ, ಹತ್ತಿರದ ದಿನಗಳಲ್ಲಿ ಅಪಾಯಕ್ಕೆ ಒಡ್ಡಿಕೊಂಡಿರುವವನಿಗೆ ಈ ಸಮಾಧಾನ ಸಲ್ಲದು. ಅವನು ವೈದ್ಯರು ಹೇಳಿದ ಅವಧಿಯ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಂದಿನ ಪರೀಕ್ಷೆಗಳು ಪ್ರತಿಕಾಯಗಳ ಜೊತೆಗೆ ವೈರಸ್ಸಿನ ಒಂದು ಅಂಶವನ್ನೂ ಹುಡುಕುವುದರಿಂದ ಈ ಅವಧಿ ಕಡಮೆಯಾಗಿದೆ. ಸುಳ್ಳು ಎಚ್ಚರಿಕೆಗಳೂ ಅಂದಿಗಿಂತ ಇಳಿದಿವೆ. ಆದರೆ ಅವು ಸೊನ್ನೆಯಾಗಿಲ್ಲ. ಸೊನ್ನೆಯಾಗದಿರುವ ತನಕ, ರೋಗ ಅಪರೂಪವಾದಷ್ಟೂ ಮೊದಲ ಚೀಟಿಯ ಮಾತು ಹಗುರವಾಗುತ್ತದೆಂಬ ಲೆಕ್ಕ ಬದಲಾಗುವುದಿಲ್ಲ.

ಆದ್ದರಿಂದ ಯಾವ ರೋಗದ ವಿಚಾರದಲ್ಲೇ ಆಗಲಿ, ಅನಿರೀಕ್ಷಿತವಾಗಿ ‘ಪಾಸಿಟಿವ್’ ಎಂಬ ಚೀಟಿ ಕೈಗೆ ಬಂದಾಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ಈ ಪರೀಕ್ಷೆ ನಿರೋಗಿಗಳಲ್ಲಿ ಸಾವಿರಕ್ಕೆ ಎಷ್ಟು ಜನರನ್ನು ತಪ್ಪಾಗಿ ಹಿಡಿಯುತ್ತದೆ? ಇದೇ ವಯಸ್ಸಿನ, ಇದೇ ಸ್ಥಿತಿಯ ಸಾವಿರ ಜನರಲ್ಲಿ ಈ ರೋಗ ಎಷ್ಟು ಮಂದಿಗೆ ಇರುತ್ತದೆ? ಇದನ್ನು ದೃಢಪಡಿಸಲು ಬೇರೆ ಬಗೆಯ ಪರೀಕ್ಷೆ ಯಾವುದು? ಮೊದಲೆರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿದ್ದರೆ ಆ ಚೀಟಿ ಸುಳ್ಳಾಗಿರುವ ಸಂಭವವೇ ಹೆಚ್ಚು. ರೋಗದ ಲಕ್ಷಣಗಳು ಶರೀರದಲ್ಲಿ ಕಾಣಿಸಿಕೊಂಡಿದ್ದರೆ ಎರಡನೆಯ ಸಂಖ್ಯೆ ತಾನಾಗಿಯೇ ಮೇಲೇರುತ್ತದೆ. ಅಂಥವನು ಈ ಲೆಕ್ಕವನ್ನು ನೆಪಮಾಡಿಕೊಂಡು ಸುಮ್ಮನಿರತಕ್ಕದ್ದಲ್ಲ. ಲಕ್ಷಣಗಳಿಲ್ಲದವನೂ ಚೀಟಿಯನ್ನು ಹರಿದೆಸೆಯಬೇಕೆಂದು ಇದರ ಅರ್ಥವಲ್ಲ. ಹತ್ತೊಂಬತ್ತಕ್ಕೆ ಒಂದು ಎಂಬುದು ಅಲಕ್ಷ್ಯ ಮಾಡತಕ್ಕ ಅಂಕಿಯಲ್ಲ. ಪರೀಕ್ಷೆಗೆ ಮುಂಚೆ ಅದು ಸುಮಾರು ಒಂಬತ್ತು ಸಾವಿರಕ್ಕೆ ಒಂದು ಆಗಿತ್ತು. ಮೊದಲ ಚೀಟಿ ಹೇಳುವುದು ‘ಇನ್ನೊಮ್ಮೆ ನೋಡು’ ಎಂದು ಮಾತ್ರ, ‘ತೀರ್ಪಾಯಿತು’ ಎಂದಲ್ಲ.

ಇಲಿನಾಯ್ ರಾಜ್ಯದ ಶಾಸನ ಎರಡು ವರ್ಷವೂ ಬಾಳಲಿಲ್ಲ. ೧೯೮೯ರಲ್ಲಿ ಅದನ್ನು ರದ್ದುಮಾಡಿದರು. ಸೋಂಕು ಸಿಕ್ಕಿದ ಆ ಎಂಟು ಜನರಲ್ಲಿ ಅರ್ಧದಷ್ಟು ಮಂದಿ, ತಾವು ಹಿಂದೆ ಅಪಾಯಕ್ಕೆ ಒಡ್ಡಿಕೊಂಡುದುಂಟೆಂದು ತಾವೇ ತಿಳಿಸಿದ್ದರು. ಎಪ್ಪತ್ತು ಸಾವಿರ ಜನರ ತೋಳಿಗೆ ಸೂಜಿ ಚುಚ್ಚುವ ಬದಲು, ಅಪಾಯಕ್ಕೆ ಒಡ್ಡಿಕೊಂಡವರಿಗೆ ಗುಟ್ಟಾಗಿ, ನಾಚಿಕೆಯಿಲ್ಲದೆ ಬಂದು ಪರೀಕ್ಷಿಸಿಕೊಳ್ಳುವ ಅನುಕೂಲವನ್ನು ಕಲ್ಪಿಸಿದ್ದರೆ ಅವರು ಅಷ್ಟು ವೆಚ್ಚವಿಲ್ಲದೆ, ಅಷ್ಟು ಸುಳ್ಳು ಭಯವಿಲ್ಲದೆ ಸಿಕ್ಕುತ್ತಿದ್ದರು. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಈ ಸೋಂಕು ಇದೆಯೆಂದು ಅಂದಾಜು. ಇಲ್ಲಿಯ ಸರಕಾರಿ ಪರೀಕ್ಷಾಕೇಂದ್ರಗಳ ನಿಯಮದಂತೆ, ರೋಗಲಕ್ಷಣಗಳಿಲ್ಲದವನ ರಕ್ತ ಬೇರೆಬೇರೆ ಬಗೆಯ ಮೂರು ಪರೀಕ್ಷೆಗಳಲ್ಲಿಯೂ ಪಾಸಿಟಿವ್ ಬಂದ ಮೇಲೆಯೇ ಅವನಿಗೆ ಸೋಂಕು ಇದೆಯೆಂದು ಹೇಳತಕ್ಕದ್ದು. ೨೦೧೭ರ ಕಾನೂನು, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಗುರಿಪಡಿಸಬಾರದೆಂದೂ ವಿಧಿಸಿದೆ. ಸೋಂಕು ದೃಢಪಟ್ಟವರಿಗೆ ಇಂದು ಔಷಧವಿದೆ. ಅದನ್ನು ತಪ್ಪದೆ ಸೇವಿಸುವವರು ದೀರ್ಘಕಾಲ ಬಾಳುತ್ತಾರೆ. ಕೇಳುವವರಿಗೆ ಮೂರು ಪರೀಕ್ಷೆಗಳೆಂಬುದು ಅನಾವಶ್ಯಕವಾದ ವಿಳಂಬವೆಂದು ತೋರಬಹುದು. ಹಾವು ಕಡಮೆಯಾಗಿ ಹಗ್ಗ ಹೆಚ್ಚಾಗಿರುವ ಊರಿನಲ್ಲಿ ದೀಪ ತಂದು ನೋಡುವಷ್ಟು ಹೊತ್ತು ಅದು, ಅದಕ್ಕಿಂತ ಹೆಚ್ಚಿಲ್ಲ.